ಘನಾಕೃತಿಗಳ ಲೆಕ್ಕದಲ್ಲಿ ಚದರ ಮತ್ತು ಘನ ಏಕಮಾನಗಳು ಬೆರೆತಾಗ ಉತ್ತರವನ್ನು ಪರಿಶೀಲಿಸುವುದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡಿನ ಕನ್ನಡ ಮಾಧ್ಯಮದ ಪ್ರೌಢಶಾಲಾ ವಿದ್ಯಾರ್ಥಿಗಳು ಮತ್ತು ಅವರ ಲೆಕ್ಕಗಳನ್ನು ಮನೆಯಲ್ಲಿ ನೋಡುವ ಹೆತ್ತವರು ಹಲವು ವರ್ಷಗಳಿಂದ ನನ್ನಲ್ಲಿ ಕೇಳುತ್ತ ಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಸೂತ್ರಗಳನ್ನು ಕಲಿಸುವುದು ಈ ಬರಹದ ಉದ್ದೇಶವಲ್ಲ. ಮಾಡಿ ಮುಗಿಸಿದ ಲೆಕ್ಕದಲ್ಲಿ ವಿಸ್ತೀರ್ಣ, ಮೇಲ್ಮೈ ವಿಸ್ತೀರ್ಣ ಮತ್ತು ಘನಫಲಗಳ ಏಕಮಾನಗಳು ಒಂದಕ್ಕೊಂದು ಬೆರೆತಿವೆಯೇ ಎಂದು ಕಂಡುಹಿಡಿಯುವುದು, ಬೆರೆತಿದ್ದರೆ ತಪ್ಪು ಯಾವ ಸಾಲಿನಲ್ಲಿ ಹುಟ್ಟಿತು ಎಂದು ಗುರುತಿಸುವುದು, ಇಷ್ಟೇ ಇಲ್ಲಿನ ವಿಷಯ. ಹೆಚ್ಚಿನ ಉತ್ತರಗಳು ಒಂದೇ ತೊಟ್ಟಿಯ ಲೆಕ್ಕವನ್ನು ಹಿಡಿದುಕೊಂಡು ಸಾಗುತ್ತವೆ.

ಸಂಖ್ಯೆ ಸರಿಯಾಗಿದ್ದು ಏಕಮಾನ ಮಾತ್ರ ತಪ್ಪಾಗಿದ್ದರೆ ಅದು ಕೈತಪ್ಪಿನ ಬರವಣಿಗೆಯಲ್ಲವೇ?

ಕೆಲವೊಮ್ಮೆ ಹೌದು, ಆದರೆ ಹಾಗೆಂದು ಮೊದಲೇ ತೀರ್ಮಾನಿಸಬಾರದು. ಘನಫಲದ ಉತ್ತರದ ಮುಂದೆ ‘ಚ.ಸೆಂ.ಮೀ.’ ಎಂದು ಕಂಡರೆ ಎರಡು ಸಾಧ್ಯತೆಗಳಿವೆ. ವಿದ್ಯಾರ್ಥಿ ಲೆಕ್ಕವನ್ನು ಸರಿಯಾಗಿ ಮಾಡಿ ಅಭ್ಯಾಸಬಲದಿಂದ ‘ಚ’ ಎಂದು ಬರೆದಿರಬಹುದು, ಇಲ್ಲವೇ ತಾನು ಏನನ್ನು ಕಂಡುಹಿಡಿಯುತ್ತಿದ್ದೇನೆ ಎಂಬುದು ಕೊನೆಯವರೆಗೂ ಅವನಿಗೆ ಸ್ಪಷ್ಟವಾಗಿಲ್ಲದಿರಬಹುದು. ಎರಡನ್ನೂ ಬೇರ್ಪಡಿಸಲು ಉತ್ತರವನ್ನು ನೋಡಿದರೆ ಸಾಲದು, ಹಿಂದಿನ ಸಾಲುಗಳಿಗೆ ಹೋಗಬೇಕು. ಅಲ್ಲಿ ಅಳತೆಗಳೆಲ್ಲ ಒಂದೇ ಏಕಮಾನದಲ್ಲಿದ್ದು, ಮೂರು ಉದ್ದಗಳು ಗುಣಾಕಾರವಾಗಿದ್ದರೆ ಅದು ಬರವಣಿಗೆಯ ತಪ್ಪು. ಮೀಟರು ಮತ್ತು ಸೆಂಟಿಮೀಟರು ಒಂದೇ ಸಾಲಿನಲ್ಲಿ ಕಂಡರೆ ಅಥವಾ ಎರಡೇ ಉದ್ದಗಳು ಗುಣಾಕಾರವಾಗಿದ್ದರೆ, ಕೊನೆಯಲ್ಲಿ ಕಂಡ ತಪ್ಪು ಏಕಮಾನವು ಒಳಗಿನ ತಪ್ಪಿನ ಗುರುತು.

ನಮ್ಮ ಮಕ್ಕಳಲ್ಲಿ ಈ ಗೊಂದಲ ಇಷ್ಟು ಹೆಚ್ಚಾಗಿ ಕಾಣುವುದು ಏಕೆ?

ಒಂದು ಕಾರಣ ನಮ್ಮ ಊರಿನ ಮಾತಿನಲ್ಲೇ ಇದೆ. ಹೊಯಿಗೆ ತರಿಸುವವರು ‘ನೂರು ಅಡಿ’ ಎಂದಾಗ ಅದು ನೂರು ಘನ ಅಡಿ. ಟೈಲ್ಸ್ ಹಾಕುವವರು ‘ನೂರು ಅಡಿ’ ಎಂದಾಗ ಅದು ನೂರು ಚದರ ಅಡಿ. ತೋಟಕ್ಕೆ ಪೈಪ್ ತರುವವರು ‘ನೂರು ಅಡಿ’ ಎಂದಾಗ ಅದು ಬರೀ ಉದ್ದ. ಆಡುವವರಿಗೂ ಕೇಳುವವರಿಗೂ ಸಂದರ್ಭ ಗೊತ್ತಿರುವುದರಿಂದ ವ್ಯವಹಾರದಲ್ಲಿ ತೊಂದರೆ ಬರುವುದಿಲ್ಲ, ಆದರೆ ಮೂರು ಬೇರೆ ಬೇರೆ ಪರಿಮಾಣಗಳಿಗೆ ಒಂದೇ ಹೆಸರನ್ನು ಕೇಳಿ ಬೆಳೆದ ಮಗುವಿಗೆ ‘ಚದರ’ ಮತ್ತು ‘ಘನ’ ಎಂಬ ಮಾತುಗಳು ಪುಸ್ತಕದ ಅಲಂಕಾರಗಳಂತೆ ತೋರುತ್ತವೆ. ನೂರು ಘನ ಅಡಿ ಹೊಯಿಗೆಯನ್ನು ಒಂದು ಅಡಿ ದಪ್ಪಕ್ಕೆ ಹರಡಿದರೆ ನೂರು ಚದರ ಅಡಿ ನೆಲ ತುಂಬುತ್ತದೆ, ಅರ್ಧ ಅಡಿ ದಪ್ಪಕ್ಕೆ ಹರಡಿದರೆ ಇನ್ನೂರು ಚದರ ಅಡಿ ತುಂಬುತ್ತದೆ. ಇದನ್ನು ಅಂಗಳದಲ್ಲಿ ಒಮ್ಮೆ ತೋರಿಸಿದರೆ ಎರಡೂ ‘ಅಡಿ’ಗಳು ಒಂದೇ ಅಲ್ಲವೆಂದು ಮಗುವಿಗೆ ತಿಳಿಯುತ್ತದೆ.

ಇನ್ನೊಂದು ಕಾರಣ ಗಡಿನಾಡಿಗೇ ವಿಶೇಷವಾದದ್ದು. ಶಾಲೆಯಲ್ಲಿ ಕನ್ನಡದಲ್ಲಿ ಕಲಿತು ಸಂಜೆ ಮಲಯಾಳದಲ್ಲಿ ನಡೆಯುವ ಟ್ಯೂಷನ್ನಿಗೆ ಹೋಗುವ ಮಕ್ಕಳು ಅಲ್ಲಿ ‘ವ್ಯಾಪ್ತಂ’ ಎಂಬ ಪದವನ್ನು ಕೇಳುತ್ತಾರೆ. ಮಲಯಾಳದಲ್ಲಿ ಅದರ ಅರ್ಥ ಘನಫಲ. ಕನ್ನಡದಲ್ಲಿ ‘ವ್ಯಾಪ್ತಿ’ ಎಂದರೆ ಹರಹು, ಹಬ್ಬಿರುವಷ್ಟು ಜಾಗ. ಆದ್ದರಿಂದ ಆ ಪದವನ್ನು ಕೇಳಿದ ಕೂಡಲೇ ಕನ್ನಡದ ಮಗುವಿನ ಮನಸ್ಸು ವಿಸ್ತೀರ್ಣದ ಕಡೆಗೆ ಹೋಗುತ್ತದೆ. ಮಲಯಾಳದಲ್ಲಿ ವಿಸ್ತೀರ್ಣಕ್ಕೆ ‘ಪರಪ್ಪಳವ್’ ಎನ್ನುತ್ತಾರೆ. ಸಂಜೆಯ ಪುಸ್ತಕದಲ್ಲಿ ಘನಫಲದ ಲೆಕ್ಕಕ್ಕೆ ಚದರ ಏಕಮಾನ ಬಿದ್ದಿರುವುದನ್ನು ಕಂಡರೆ, ಮಗುವನ್ನು ಗದರಿಸುವ ಮೊದಲು ‘ವ್ಯಾಪ್ತಂ ಎಂದರೆ ಏನು?’ ಎಂದು ಕೇಳಿ ನೋಡಿ. ನನ್ನ ಅನುಭವದಲ್ಲಿ ಅನೇಕ ಸಲ ತಪ್ಪು ಅಲ್ಲೇ ಸಿಕ್ಕಿದೆ.

ಸೂತ್ರವನ್ನು ನೋಡಿಯೇ ಉತ್ತರದ ಏಕಮಾನ ಯಾವುದೆಂದು ಹೇಳಬಹುದೇ?

ಹೇಳಬಹುದು. ಸೂತ್ರದಲ್ಲಿ ಎಷ್ಟು ಉದ್ದಗಳು ಒಂದಕ್ಕೊಂದು ಗುಣಾಕಾರವಾಗಿವೆ ಎಂದು ಎಣಿಸಬೇಕು. ತ್ರಿಜ್ಯ, ಎತ್ತರ, ಓರೆ ಎತ್ತರ, ಅಂಚು, ಇವೆಲ್ಲ ಉದ್ದಗಳು. 2, 4, ⅓, π ಇವು ಬರೀ ಸಂಖ್ಯೆಗಳು, ಇವುಗಳಿಗೆ ಏಕಮಾನವಿಲ್ಲ. π ಎಂದರೆ ಪರಿಧಿಯನ್ನು ವ್ಯಾಸದಿಂದ ಭಾಗಿಸಿದಾಗ ಬರುವ ಸಂಖ್ಯೆ, ಉದ್ದವನ್ನು ಉದ್ದದಿಂದ ಭಾಗಿಸಿದಾಗ ಏಕಮಾನ ಉಳಿಯುವುದಿಲ್ಲ. ಹಾಗಾಗಿ 2πr ನಲ್ಲಿ ಒಂದು ಉದ್ದವಿದೆ, ಅದು ಪರಿಧಿ, ಉತ್ತರ ಸೆಂಟಿಮೀಟರಿನಲ್ಲಿ. 2πrh ನಲ್ಲಿ ಎರಡು ಉದ್ದಗಳಿವೆ, ಅದು ವಿಸ್ತೀರ್ಣ, ಉತ್ತರ ಚದರ ಸೆಂಟಿಮೀಟರಿನಲ್ಲಿ. πr²h ನಲ್ಲಿ r ಎರಡು ಸಲ ಮತ್ತು h ಒಂದು ಸಲ ಬಂದಿದೆ, ಮೂರು ಉದ್ದಗಳಾದವು, ಅದು ಘನಫಲ.

ಕೂಡಿಸುವ ಸೂತ್ರಗಳಲ್ಲಿ ಇನ್ನೊಂದು ನಿಯಮ ಸೇರುತ್ತದೆ. ಕೂಡುವ ಪ್ರತಿ ಪದದಲ್ಲೂ ಉದ್ದಗಳ ಎಣಿಕೆ ಒಂದೇ ಆಗಿರಬೇಕು. ಸಿಲಿಂಡರಿನ ಪೂರ್ಣ ಮೇಲ್ಮೈ ವಿಸ್ತೀರ್ಣ 2πrh + 2πr² ಎಂಬಲ್ಲಿ ಎರಡೂ ಪದಗಳಲ್ಲಿ ಎರಡೆರಡು ಉದ್ದಗಳಿವೆ. ಒಬ್ಬ ವಿದ್ಯಾರ್ಥಿ 2πrh + 2πr ಎಂದು ಬರೆದಿದ್ದರೆ ಅವನು ವಿಸ್ತೀರ್ಣಕ್ಕೆ ಉದ್ದವನ್ನು ಕೂಡಿಸಿದ್ದಾನೆ. ಅಂಥ ಮೊತ್ತಕ್ಕೆ ಯಾವ ಏಕಮಾನವನ್ನೂ ಬರೆಯಲಾಗದು, ಮುಂದಿನ ಗುಣಾಕಾರವನ್ನು ಪರಿಶೀಲಿಸುವ ಅಗತ್ಯವೂ ಇಲ್ಲ.

ಒಂದು ನಿಜವಾದ ಉತ್ತರವನ್ನು ಹೇಗೆ ಪರಿಶೀಲಿಸುತ್ತೀರಿ?

ತರಗತಿಯಲ್ಲಿ ನಾನು ಮತ್ತೆ ಮತ್ತೆ ಕೊಡುವ ಲೆಕ್ಕ ಇದು. ಅಡಿಕೆ ತೋಟದಲ್ಲಿ ಸಿಲಿಂಡರ್ ಆಕಾರದ, ಮುಚ್ಚಳವಿಲ್ಲದ ಸಿಮೆಂಟಿನ ತೊಟ್ಟಿಯಿದೆ. ಒಳಗಿನ ತ್ರಿಜ್ಯ 70 ಸೆಂ.ಮೀ., ಒಳಗಿನ ಎತ್ತರ 1.2 ಮೀ. ಮೊದಲನೆಯ ಪ್ರಶ್ನೆ, ತೊಟ್ಟಿ ತುಂಬಲು ಎಷ್ಟು ಲೀಟರ್ ನೀರು ಬೇಕು? ಎರಡನೆಯದು, ಒಳಗಿನ ಗೋಡೆಗೂ ತಳಕ್ಕೂ ಗಾರೆ ಮಾಡಿಸಲು ಚದರ ಮೀಟರಿಗೆ 300 ರೂಪಾಯಿಯಂತೆ ಎಷ್ಟು ಖರ್ಚಾಗುತ್ತದೆ?

ಉತ್ತರಪತ್ರಿಕೆಯಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪು ಉತ್ತರ ಹೀಗಿರುತ್ತದೆ:

```
πr²h = 22/7 × 70 × 70 × 1.2 = 18,480 ಚ.ಸೆಂ.ಮೀ.
18,480 ÷ 1000 = 18.48 ಲೀಟರ್

2πr(r + h) = 2 × 22/7 × 70 × (70 + 1.2)
           = 440 × 71.2 = 31,328 ಘ.ಸೆಂ.ಮೀ.
31,328 × 300 = 93,98,400 ರೂಪಾಯಿ
```

ಗುಣಾಕಾರದಲ್ಲಿ ಎಲ್ಲಿಯೂ ತಪ್ಪಿಲ್ಲ, ಸೂತ್ರಗಳೂ ಪುಸ್ತಕದಲ್ಲಿರುವವೇ. ಆದ್ದರಿಂದಲೇ ಈ ಉತ್ತರವನ್ನು ಎರಡನೆಯ ಸಲ ಗುಣಿಸಿ ನೋಡಿದ ವಿದ್ಯಾರ್ಥಿಗೆ ತನ್ನ ತಪ್ಪು ಕಾಣುವುದಿಲ್ಲ. ಲೆಕ್ಕವನ್ನು ಪುನಃ ಮಾಡುವುದು ಮತ್ತು ಲೆಕ್ಕವನ್ನು ಪರಿಶೀಲಿಸುವುದು ಬೇರೆ ಬೇರೆ ಕೆಲಸಗಳು.

ನಾನು ಮೊದಲು ಪೆನ್ನನ್ನು ಕೆಳಗಿಟ್ಟು ತೊಟ್ಟಿಯನ್ನು ಕಲ್ಪಿಸಿಕೊಳ್ಳಲು ಹೇಳುತ್ತೇನೆ. 1.2 ಮೀಟರ್ ಎತ್ತರವೆಂದರೆ ಹತ್ತನೆಯ ತರಗತಿಯ ಮಗುವಿನ ಎದೆಯ ಮಟ್ಟ. ವ್ಯಾಸ 1.4 ಮೀಟರ್, ಅಂದರೆ ಎರಡು ಮೂರು ಮಂದಿ ಒಳಗಿಳಿದು ನಿಲ್ಲಬಹುದು. ಅಂಥ ತೊಟ್ಟಿ 18 ಲೀಟರಿಗೆ, ಅಂದರೆ ಹೆಚ್ಚು ಕಡಿಮೆ ಒಂದು ದೊಡ್ಡ ಬಾಲ್ದಿ ನೀರಿಗೆ, ತುಂಬುವುದಿಲ್ಲ. ಅದಕ್ಕೆ ಗಾರೆ ಮಾಡಲು ತೊಂಬತ್ತಮೂರು ಲಕ್ಷ ರೂಪಾಯಿಯೂ ಬೇಕಾಗುವುದಿಲ್ಲ. ಎರಡೂ ಉತ್ತರಗಳು ತಪ್ಪೆಂದು ತಿಳಿಯಿತು. ಎಲ್ಲಿ ತಪ್ಪಾಯಿತು ಎಂಬುದು ಮುಂದಿನ ಪ್ರಶ್ನೆ.

ಆ 18,480 ಎಂಬ ಸಂಖ್ಯೆಯಾದರೂ ಏನು? ಅದಕ್ಕೆ ಅರ್ಥವೇ ಇಲ್ಲವೇ?

ಅರ್ಥವಿದೆ. ಪ್ರತಿ ಸಂಖ್ಯೆಯ ಜೊತೆಗೆ ಅದರ ಏಕಮಾನವನ್ನೂ ಬರೆದು ಗುಣಿಸಿ ನೋಡಿ: 70 ಸೆಂ.ಮೀ. × 70 ಸೆಂ.ಮೀ. × 1.2 ಮೀ. ಏಕಮಾನಗಳ ಗುಣಾಕಾರ ‘ಚದರ ಸೆಂಟಿಮೀಟರ್ × ಮೀಟರ್’ ಎಂದಾಗುತ್ತದೆ. ಒಂದು ಚದರ ಸೆಂಟಿಮೀಟರ್ ಪಾದದ, ಒಂದು ಮೀಟರ್ ಎತ್ತರದ ತೆಳ್ಳನೆಯ ಕಂಬವನ್ನು ನೆನೆಸಿಕೊಳ್ಳಿ. ತೊಟ್ಟಿಯಲ್ಲಿ ಅಂಥ 18,480 ಕಂಬಗಳಷ್ಟು ನೀರಿದೆ. ಒಂದೊಂದು ಕಂಬದಲ್ಲಿ 100 ಘನ ಸೆಂಟಿಮೀಟರುಗಳಿರುವುದರಿಂದ ಒಟ್ಟು ಘನಫಲ 18,48,000 ಘ.ಸೆಂ.ಮೀ. ಇದನ್ನು 1000 ದಿಂದ ಭಾಗಿಸಿದರೆ 1848 ಲೀಟರ್. ವಿದ್ಯಾರ್ಥಿಯ ಉತ್ತರ ನಿಖರವಾಗಿ ನೂರು ಪಟ್ಟು ಕಡಿಮೆಯಾದದ್ದು ಹೀಗೆ. ತಪ್ಪು ಉತ್ತರ ಮತ್ತು ಸರಿಯುತ್ತರಗಳ ನಡುವೆ 100, 10,000 ಅಥವಾ 10,00,000 ದಷ್ಟು ಸರಿಯಾದ ಪಟ್ಟು ಕಂಡರೆ ತಪ್ಪು ಏಕಮಾನದ ಪರಿವರ್ತನೆಯಲ್ಲಿದೆ ಎಂದು ಬಹುಮಟ್ಟಿಗೆ ನಂಬಬಹುದು.

ಮೀಟರಿನಲ್ಲಿ ಮಾಡಿದರೂ ಅದೇ ಬರುತ್ತದೆ: 22/7 × 0.7 × 0.7 × 1.2 = 1.848 ಘನ ಮೀಟರ್. ಒಂದು ಘನ ಮೀಟರಿಗೆ 1000 ಲೀಟರ್, ಆದ್ದರಿಂದ 1848 ಲೀಟರ್. ಎರಡು ಏಕಮಾನಗಳಲ್ಲಿ ಬೇರೆ ಬೇರೆಯಾಗಿ ಮಾಡಿ ಒಂದೇ ಉತ್ತರ ಬಂದರೆ, ಪರಿವರ್ತನೆಯಲ್ಲಿ ತಪ್ಪಿಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಎರಡನೆಯ ಭಾಗದ 31,328 ನ್ನೂ ಹೀಗೆಯೇ ನೂರರಿಂದ ಗುಣಿಸಿ ಸರಿಪಡಿಸಬಹುದೇ?

ಸಾಧ್ಯವಿಲ್ಲ. ಈ ವ್ಯತ್ಯಾಸವನ್ನು ಹೆಚ್ಚಿನವರು ಗಮನಿಸುವುದಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಮೊದಲನೆಯ ಭಾಗದಲ್ಲಿ ಮೀಟರು ಮತ್ತು ಸೆಂಟಿಮೀಟರುಗಳು ಗುಣಾಕಾರದಲ್ಲಿ ಬೆರೆತಿದ್ದವು, ಆದ್ದರಿಂದ ತಪ್ಪು ಇಡೀ ಉತ್ತರಕ್ಕೆ ಒಂದೇ ಪ್ರಮಾಣದಲ್ಲಿ ಹರಡಿತ್ತು, ಒಂದೇ ಗುಣಾಕಾರದಿಂದ ಸರಿಹೋಯಿತು. ಎರಡನೆಯ ಭಾಗದಲ್ಲಿ 70 + 1.2 ಎಂದು ಕೂಡಿಸಲಾಗಿದೆ. ಎಪ್ಪತ್ತು ಸೆಂಟಿಮೀಟರಿಗೆ 1.2 ಮೀಟರನ್ನು ಕೂಡಿಸಿದರೆ 190 ಸೆಂಟಿಮೀಟರ್ ಆಗಬೇಕು, 71.2 ಆಗುವುದು ಯಾವ ಏಕಮಾನದಲ್ಲೂ ಸರಿಯಲ್ಲ. ಈ ಮೊತ್ತದಲ್ಲಿ ತ್ರಿಜ್ಯದ ಪಾಲು ಸರಿಯಾಗಿದೆ, ಎತ್ತರದ ಪಾಲು ನೂರನೆಯ ಒಂದಂಶಕ್ಕೆ ಇಳಿದಿದೆ. ಆದ್ದರಿಂದ 31,328 ನ್ನು ಯಾವ ಸಂಖ್ಯೆಯಿಂದ ಗುಣಿಸಿದರೂ ಅರ್ಥವುಳ್ಳ ಉತ್ತರ ಸಿಗುವುದಿಲ್ಲ, ಕೂಡಿಸಿದ ಸಾಲಿಗೇ ಹಿಂತಿರುಗಿ ಲೆಕ್ಕವನ್ನು ಹೊಸದಾಗಿ ಮಾಡಬೇಕು.

ಹೊಸದಾಗಿ ಮಾಡಿದರೆ 440 × (70 + 120) = 83,600 ಚ.ಸೆಂ.ಮೀ. ಇಷ್ಟಾದರೂ ಇದು ಪ್ರಶ್ನೆಯ ಉತ್ತರವಲ್ಲ, ಏಕೆಂದರೆ ಆ ಸೂತ್ರದಲ್ಲಿ ಮೇಲಿನ ವೃತ್ತವೂ ಸೇರಿದೆ, ತೊಟ್ಟಿಗೆ ಮುಚ್ಚಳವಿಲ್ಲ. ಒಂದು ವೃತ್ತದ ವಿಸ್ತೀರ್ಣ 15,400 ಚ.ಸೆಂ.ಮೀ. ಅದನ್ನು ಕಳೆದರೆ 68,200 ಚ.ಸೆಂ.ಮೀ., ಅಂದರೆ 6.82 ಚದರ ಮೀಟರ್. ಖರ್ಚು 6.82 × 300 = 2046 ರೂಪಾಯಿ.

ಇದನ್ನೂ ಕಣ್ಣಿಗೆ ಕಾಣುವಂತೆ ಪರಿಶೀಲಿಸಬಹುದು. ತೊಟ್ಟಿಯ ಗೋಡೆಯನ್ನು ಒಂದೆಡೆ ಸೀಳಿ ನೆಲದ ಮೇಲೆ ಚಾಪೆಯಂತೆ ಬಿಡಿಸಿದರೆ ಅದು ಆಯತವಾಗುತ್ತದೆ. ಆಯತದ ಉದ್ದ ತೊಟ್ಟಿಯ ಪರಿಧಿ, 4.4 ಮೀಟರ್. ಅಗಲ ತೊಟ್ಟಿಯ ಎತ್ತರ, 1.2 ಮೀಟರ್. ವಿಸ್ತೀರ್ಣ 5.28 ಚದರ ಮೀಟರ್. ತಳದ ವೃತ್ತ 1.4 ಮೀಟರ್ ಬದಿಯ ಚೌಕದೊಳಗೆ ಹಿಡಿಯುತ್ತದೆ, ಆ ಚೌಕದ ವಿಸ್ತೀರ್ಣ 1.96, ಆದ್ದರಿಂದ ವೃತ್ತದ್ದು ಅದಕ್ಕಿಂತ ಕಡಿಮೆ ಇರಬೇಕು. ಅದು 1.54 ಆಗಿದೆ. ಎರಡನ್ನೂ ಕೂಡಿದರೆ 6.82.

ಘನ ಮೀಟರನ್ನು ಘನ ಸೆಂಟಿಮೀಟರ್ ಮಾಡಲು ನೂರರಿಂದ ಗುಣಿಸಿದರೆ ಸಾಲದೇ? ಒಂದು ಮೀಟರಿಗೆ ನೂರು ಸೆಂಟಿಮೀಟರ್ ಅಲ್ಲವೇ?

ಸಾಲದು. ಒಂದು ಮೀಟರ್ ಬದಿಯ ಚೌಕದಲ್ಲಿ ಸೆಂಟಿಮೀಟರ್ ಚೌಕಗಳನ್ನು ಜೋಡಿಸಿದರೆ ಒಂದು ಸಾಲಿನಲ್ಲಿ ನೂರು, ಅಂಥ ನೂರು ಸಾಲುಗಳು, ಒಟ್ಟು 10,000. ಒಂದು ಮೀಟರ್ ಬದಿಯ ಘನದಲ್ಲಿ ಅಂಥ ನೂರು ಪದರಗಳಿರುತ್ತವೆ, ಒಟ್ಟು 10,00,000. ನಮ್ಮ ತೊಟ್ಟಿಯ 1.848 ಘನ ಮೀಟರನ್ನು ನೂರರಿಂದ ಗುಣಿಸಿದರೆ 184.8 ಘ.ಸೆಂ.ಮೀ. ಎಂದಾಗುತ್ತದೆ, ಅದು ಒಂದು ಲೋಟ ನೀರು. ಹತ್ತು ಸಾವಿರದಿಂದ ಗುಣಿಸಿದರೆ 18,480 ಆಗುತ್ತದೆ, ಮತ್ತೆ ಅದೇ ಬಾಲ್ದಿ. ಹತ್ತು ಲಕ್ಷದಿಂದ ಗುಣಿಸಿದಾಗ ಮಾತ್ರ ತೊಟ್ಟಿ ತುಂಬುತ್ತದೆ.

ಮಕ್ಕಳಿಗೆ ನಾನು ಕೊಡುವ ಸಲಹೆ, ಪರಿವರ್ತನೆಯನ್ನು ಕೊನೆಗೆ ಉಳಿಸಿಕೊಳ್ಳದೆ, ಸೂತ್ರದಲ್ಲಿ ಸಂಖ್ಯೆಗಳನ್ನು ಹಾಕುವ ಮೊದಲೇ ಎಲ್ಲ ಉದ್ದಗಳನ್ನೂ ಒಂದೇ ಏಕಮಾನಕ್ಕೆ ತರುವುದು. ಉದ್ದವನ್ನು ಪರಿವರ್ತಿಸುವಾಗ ನೂರು ಎಂಬ ಒಂದೇ ಸಂಖ್ಯೆ ಬೇಕು, ಅದರಲ್ಲಿ ತಪ್ಪುವವರು ಕಡಿಮೆ. ಲೀಟರ್ ಕೇಳಿದ್ದರೆ ಮೀಟರಿನಲ್ಲಿ ಮಾಡುವುದು ನನಗೆ ಹೆಚ್ಚು ಸುರಕ್ಷಿತವಾಗಿ ತೋರುತ್ತದೆ, ಏಕೆಂದರೆ ಸೊನ್ನೆಗಳ ಉದ್ದನೆಯ ಸಾಲು ಇರುವುದಿಲ್ಲ.

ಇಷ್ಟೊಂದು ನಿಖರತೆ ಪರೀಕ್ಷೆಯ ಹೊರಗೆ ಎಲ್ಲಿಗೆ ಬೇಕು?

ಅಡಿಕೆಯ ಕೊಳೆರೋಗಕ್ಕೆ ಬಿಡುವ ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು ಮತ್ತು ಒಂದು ಕಿಲೋ ಸುಣ್ಣ ಬೇಕು. ನೀರನ್ನು 18.48 ಲೀಟರ್ ಎಂದು ತಿಳಿದವನು ಇನ್ನೂರು ಗ್ರಾಮಿಗಿಂತ ಕಡಿಮೆ ಮೈಲುತುತ್ತು ಹಾಕುತ್ತಾನೆ. 1848 ಲೀಟರಿಗೆ ಹದಿನೆಂಟು ಕಿಲೋಗಿಂತ ಹೆಚ್ಚು ಬೇಕು. ತೋಟದ ಮನೆಯ ಮಗುವಿಗೆ ಈ ಒಂದು ಉದಾಹರಣೆ ಸಾಕು.

ವಿಸ್ತೀರ್ಣಕ್ಕೂ ಘನಫಲಕ್ಕೂ ಒಂದೇ ಸಂಖ್ಯೆ ಬಂದಿದೆ. ಹಾಗಾದರೆ ಒಂದು ತಪ್ಪಾಗಿರಲೇಬೇಕಲ್ಲವೇ?

ಇರಬೇಕೆಂದಿಲ್ಲ. ತ್ರಿಜ್ಯ 2 ಸೆಂ.ಮೀ., ಎತ್ತರ 7 ಸೆಂ.ಮೀ. ಇರುವ ಸಿಲಿಂಡರಿನ ವಕ್ರ ಮೇಲ್ಮೈ ವಿಸ್ತೀರ್ಣ 2 × 22/7 × 2 × 7 = 88. ಅದರ ಘನಫಲ 22/7 × 2 × 2 × 7 = 88. ಎರಡೂ ಸರಿಯೇ. ತ್ರಿಜ್ಯ 2 ಆದಾಗ 2r ಮತ್ತು r² ಎರಡೂ 4 ಆಗುವುದರಿಂದ ಎತ್ತರ ಎಷ್ಟೇ ಇದ್ದರೂ ಹೀಗೆ ಆಗುತ್ತದೆ. ತ್ರಿಜ್ಯ 3 ಇರುವ ಗೋಳದಲ್ಲಿ ಮೇಲ್ಮೈ ವಿಸ್ತೀರ್ಣವೂ ಘನಫಲವೂ 36π. ಬದಿ 6 ಇರುವ ಘನದಲ್ಲಿ ಎರಡೂ 216.

ಈ ಅಳತೆಗಳ ಅಪಾಯವೆಂದರೆ, ಮಗು ತಪ್ಪು ಸೂತ್ರವನ್ನು ಬಳಸಿದರೂ ಸಂಖ್ಯೆ ಸರಿಬಂದು ತಪ್ಪು ಮುಚ್ಚಿಹೋಗುತ್ತದೆ. ಅಂಥ ಲೆಕ್ಕವನ್ನು ತಿದ್ದುವವರು ಸೂತ್ರದ ಸಾಲನ್ನು ಓದಲೇಬೇಕು. ಇವೆರಡೂ ‘ಸಮ’ ಎಂದು ಮಗು ಹೇಳಿದರೆ, ಅದೇ ಸಿಲಿಂಡರನ್ನು ಮಿಲಿಮೀಟರಿನಲ್ಲಿ ಅಳೆಯಲು ಹೇಳಿ. ತ್ರಿಜ್ಯ 20, ಎತ್ತರ 70. ವಕ್ರ ಮೇಲ್ಮೈ 8,800 ಚದರ ಮಿ.ಮೀ., ಘನಫಲ 88,000 ಘನ ಮಿ.ಮೀ. ವಸ್ತು ಬದಲಾಗಲಿಲ್ಲ, ಅಳತೆಗೋಲು ಮಾತ್ರ ಬದಲಾಯಿತು, ಸಮಾನತೆ ಕಾಣೆಯಾಯಿತು. ವಿಸ್ತೀರ್ಣವನ್ನು ಘನಫಲದೊಂದಿಗೆ ಹೋಲಿಸಿ ಇದು ಹೆಚ್ಚು, ಅದು ಕಡಿಮೆ ಎನ್ನಲಾಗದು ಎಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷ್ಯ ನನಗೆ ಗೊತ್ತಿಲ್ಲ. ತರಗತಿಯಲ್ಲಿ ಅಭ್ಯಾಸಕ್ಕೆ ಕೊಡುವಾಗ ನಾನು ಸಿಲಿಂಡರಿಗೆ 2 ನ್ನೂ ಗೋಳಕ್ಕೆ 3 ನ್ನೂ ತ್ರಿಜ್ಯವಾಗಿ ಕೊಡುವುದನ್ನು ಬೇಕೆಂದೇ ಬಿಟ್ಟಿದ್ದೇನೆ.

ಗೋಳದ ಸೂತ್ರಗಳಲ್ಲಿ ಯಾವುದು ಯಾವುದಕ್ಕೆ ಎಂದು ಮರೆತರೆ ಏನು ಮಾಡುವುದು?

ಉದ್ದಗಳನ್ನು ಎಣಿಸಿದರೆ 4πr² ವಿಸ್ತೀರ್ಣವೆಂದೂ 4/3 πr³ ಘನಫಲವೆಂದೂ ತಕ್ಷಣ ತಿಳಿಯುತ್ತದೆ. ತ್ರಿಜ್ಯವನ್ನು ಎರಡು ಪಟ್ಟು ಮಾಡಿಯೂ ನೋಡಬಹುದು. ಉತ್ತರ ನಾಲ್ಕು ಪಟ್ಟಾದರೆ ವಿಸ್ತೀರ್ಣ, ಎಂಟು ಪಟ್ಟಾದರೆ ಘನಫಲ. ವೃತ್ತದ 2πr ಮತ್ತು πr² ಗಳ ಹಳೆಯ ಗೊಂದಲವೂ ಇದೇ ರೀತಿ ಬಗೆಹರಿಯುತ್ತದೆ.

ಏಕಮಾನಗಳೆಲ್ಲ ಸರಿಹೊಂದಿದರೆ ಉತ್ತರ ಸರಿಯೆಂದು ನಂಬಬಹುದೇ?

ನಂಬಬಾರದು. ಏಕಮಾನದ ಪರೀಕ್ಷೆ ತಪ್ಪನ್ನು ತೋರಿಸಬಲ್ಲದು, ಸರಿಯನ್ನು ಸಾಧಿಸಲಾರದು. ಚೌಕ ಪಾದದ ಪಿರಮಿಡ್ಡಿನ ಒಂದು ಲೆಕ್ಕವನ್ನು ನೋಡೋಣ. ಪಾದದ ಅಂಚು 10 ಸೆಂ.ಮೀ., ಎತ್ತರ 12 ಸೆಂ.ಮೀ. ಪಾದದ ಮಧ್ಯದಿಂದ ಅಂಚಿನ ಮಧ್ಯಕ್ಕೆ 5 ಸೆಂ.ಮೀ. ಇರುವುದರಿಂದ, ಪೈಥಾಗೊರಸ್ ಪ್ರಮೇಯದಂತೆ ಓರೆ ಎತ್ತರ 13 ಸೆಂ.ಮೀ. ಘನಫಲ ⅓ × 10 × 10 × 12 = 400 ಘ.ಸೆಂ.ಮೀ. ನಾಲ್ಕು ತ್ರಿಕೋನ ಮುಖಗಳ ವಿಸ್ತೀರ್ಣ 4 × ½ × 10 × 13 = 260 ಚ.ಸೆಂ.ಮೀ.

ಈಗ ಒಬ್ಬ ವಿದ್ಯಾರ್ಥಿ ಘನಫಲದಲ್ಲಿ 12 ರ ಬದಲು 13 ನ್ನು ಹಾಕಿದ್ದಾನೆ ಎಂದುಕೊಳ್ಳಿ. ಉತ್ತರ 433⅓ ಘ.ಸೆಂ.ಮೀ. ಬರುತ್ತದೆ. ಎತ್ತರವೂ ಓರೆ ಎತ್ತರವೂ ಉದ್ದಗಳೇ ಆದ್ದರಿಂದ ಏಕಮಾನ ಘನ ಸೆಂಟಿಮೀಟರಾಗಿಯೇ ಉಳಿಯುತ್ತದೆ, ಯಾವ ಎಚ್ಚರಿಕೆಯೂ ಸಿಗುವುದಿಲ್ಲ. ಇನ್ನೊಬ್ಬ ⅓ ನ್ನು ಬಿಟ್ಟು 1200 ಘ.ಸೆಂ.ಮೀ. ಎಂದು ಬರೆದರೂ ಏಕಮಾನ ಸರಿಯಾಗಿಯೇ ಇರುತ್ತದೆ. ಇಂಥ ಕಡೆ ಬೇರೆ ಆಧಾರ ಬೇಕು. ಪಿರಮಿಡ್ಡು ಸರಿಯಾಗಿ ಹಿಡಿಸುವ ಪೆಟ್ಟಿಗೆಯನ್ನು ಕಲ್ಪಿಸಿಕೊಂಡರೆ ಅದರ ಘನಫಲ 10 × 10 × 12 = 1200. ಪಿರಮಿಡ್ಡು ಪೆಟ್ಟಿಗೆಯೊಳಗೆ ಮೇಲಕ್ಕೆ ಹೋದಂತೆ ಕಿರಿದಾಗುತ್ತದೆ, ಆದ್ದರಿಂದ 1200 ಅದರ ಉತ್ತರವಾಗಲಾರದು. ಅದು ಪೆಟ್ಟಿಗೆಯ ಮೂರನೆಯ ಒಂದು ಭಾಗ ಎಂಬುದು ತಿಳಿದಿದ್ದರೆ 433⅓ ಕೂಡ ಬಿದ್ದುಹೋಗುತ್ತದೆ. ಮೇಲ್ಮೈಗೆ ಬಂದರೆ, ನಾಲ್ಕು ತ್ರಿಕೋನಗಳ ಒಟ್ಟು ವಿಸ್ತೀರ್ಣ ಪಾದದ ವಿಸ್ತೀರ್ಣಕ್ಕಿಂತ ಯಾವಾಗಲೂ ಹೆಚ್ಚಿರಬೇಕು, ಏಕೆಂದರೆ ಅವು ಪಾದವನ್ನು ಪೂರ್ತಿ ಮುಚ್ಚುವ ಇಳಿಜಾರು ಮಾಡಿನಂತಿವೆ. ಇಲ್ಲಿ 260 ಎಂಬುದು 100 ಕ್ಕಿಂತ ಹೆಚ್ಚಾಗಿದೆ. ಶಂಕುವಿನಲ್ಲೂ ಇದೇ ತರ್ಕ ನಡೆಯುತ್ತದೆ, πrl ಯಾವಾಗಲೂ πr² ಗಿಂತ ದೊಡ್ಡದು, ಏಕೆಂದರೆ ಓರೆ ಎತ್ತರ l ತ್ರಿಜ್ಯಕ್ಕಿಂತ ದೊಡ್ಡದು.

ಗೋಳವನ್ನು ಕರಗಿಸಿ ಸಣ್ಣ ಗೋಳಗಳನ್ನು ಮಾಡುವ ಲೆಕ್ಕದಲ್ಲಿ ಉತ್ತರಕ್ಕೆ ಏಕಮಾನವೇ ಇಲ್ಲವಲ್ಲ, ಅಲ್ಲಿ ಪರಿಶೀಲನೆ ಹೇಗೆ?

ಏಕಮಾನ ಇಲ್ಲದಿರುವುದೇ ಅಲ್ಲಿನ ಪರಿಶೀಲನೆ. ಉತ್ತರ ಒಂದು ಎಣಿಕೆ, ಆದ್ದರಿಂದ ಮೇಲಿನ ಮತ್ತು ಕೆಳಗಿನ ಏಕಮಾನಗಳು ಪೂರ್ತಿಯಾಗಿ ಕಡಿದುಹೋಗಬೇಕು. ತ್ರಿಜ್ಯ 6 ಸೆಂ.ಮೀ. ಇರುವ ಲೋಹದ ಗೋಳದಿಂದ ತ್ರಿಜ್ಯ 10 ಮಿ.ಮೀ. ಇರುವ ಗೋಳಗಳು ಎಷ್ಟು ಎಂದು ಕೇಳಿದ್ದಾರೆ ಎನ್ನಿ. 4/3 π ಎರಡೂ ಕಡೆ ಇರುವುದರಿಂದ ಬಿಟ್ಟುಹೋಗುತ್ತದೆ. 10 ಮಿ.ಮೀ. ಎಂದರೆ 1 ಸೆಂ.ಮೀ., ಉತ್ತರ 6 × 6 × 6 = 216. ಪರಿವರ್ತಿಸದೆ 216 ನ್ನು 1000 ದಿಂದ ಭಾಗಿಸಿದವನಿಗೆ 0.216 ಬರುತ್ತದೆ, ದೊಡ್ಡ ಗೋಳದಿಂದ ಒಂದು ಸಣ್ಣ ಗೋಳವೂ ಆಗುವುದಿಲ್ಲ ಎಂದಂತಾಯಿತು. ಮೇಲ್ಮೈ ವಿಸ್ತೀರ್ಣದ ಸೂತ್ರವನ್ನು ಬಳಸಿದವನಿಗೆ 36 ಬರುತ್ತದೆ, ಇದು ನೋಡಲು ಅಸಂಬದ್ಧವಲ್ಲದ ಕಾರಣ ಹೆಚ್ಚು ಅಪಾಯಕಾರಿ. ಕರಗಿಸಿದಾಗ ಬದಲಾಗದೆ ಉಳಿಯುವುದು ಲೋಹದ ಪ್ರಮಾಣ, ಅಂದರೆ ಘನಫಲ. ಮೇಲ್ಮೈ ಉಳಿಯುವುದಿಲ್ಲ, 216 ಸಣ್ಣ ಗೋಳಗಳ ಒಟ್ಟು ಮೇಲ್ಮೈ ದೊಡ್ಡ ಗೋಳದ ಮೇಲ್ಮೈಯ ಆರು ಪಟ್ಟಾಗುತ್ತದೆ.

22/7 ಹಾಕಿದಾಗ 1848, 3.14 ಹಾಕಿದಾಗ ಸುಮಾರು 1846 ಬಂದಿದೆ. ಇದೂ ಏಕಮಾನದ ತಪ್ಪೇ?

ಅಲ್ಲ. ಎರಡೂ π ಯ ಅಂದಾಜು ಬೆಲೆಗಳು, ವ್ಯತ್ಯಾಸ ಸಾವಿರಕ್ಕೆ ಒಂದರಷ್ಟೂ ಇಲ್ಲ. ಏಕಮಾನದ ತಪ್ಪು ಹತ್ತು, ನೂರು, ಸಾವಿರ ಪಟ್ಟುಗಳಲ್ಲಿ ಕಾಣುತ್ತದೆ. ಪ್ರಶ್ನೆಯಲ್ಲಿ π ಯ ಬೆಲೆ ಕೊಡದಿದ್ದರೆ ಉತ್ತರವನ್ನು 5,88,000π ಘ.ಸೆಂ.ಮೀ. ಎಂದು ಉಳಿಸಬಹುದು, ಆದರೆ ಆಗಲೂ ಏಕಮಾನವನ್ನು ಬರೆಯಬೇಕು. π ಬರೆದೊಡನೆ ಏಕಮಾನ ಬೇಡವೆಂದು ತಿಳಿದ ಮಕ್ಕಳನ್ನು ನಾನು ಪ್ರತಿವರ್ಷ ಕಾಣುತ್ತೇನೆ.

ಮೇಸ್ತ್ರಿಗಳ ಲೆಕ್ಕ ಅಡಿಯಲ್ಲಿರುತ್ತದೆ. ಅದನ್ನು ಮಗುವಿನ ಉತ್ತರದೊಂದಿಗೆ ಹೋಲಿಸುವುದು ಹೇಗೆ?

ಒಂದು ಅಡಿ ಎಂದರೆ 30.48 ಸೆಂ.ಮೀ. ವಿಸ್ತೀರ್ಣಕ್ಕೆ, ಒಂದು ಚದರ ಮೀಟರಿಗೆ ಸುಮಾರು 10.76 ಚದರ ಅಡಿ. ಘನಫಲಕ್ಕೆ, ಒಂದು ಘನ ಮೀಟರಿಗೆ ಸುಮಾರು 35.3 ಘನ ಅಡಿ, ಒಂದು ಘನ ಅಡಿಗೆ ಸುಮಾರು 28.3 ಲೀಟರ್. ನಮ್ಮ ತೊಟ್ಟಿಯ ಗಾರೆ 6.82 ಚದರ ಮೀಟರ್, ಅಂದರೆ ಸುಮಾರು 73 ಚದರ ಅಡಿ. ಅದರೊಳಗಿನ ನೀರು 1.848 ಘನ ಮೀಟರ್, ಅಂದರೆ ಸುಮಾರು 65 ಘನ ಅಡಿ. ಮೇಸ್ತ್ರಿ ‘ಎಪ್ಪತ್ತಮೂರು ಅಡಿ ಕೆಲಸ’ ಎಂದರೆ ಅದು ಗೋಡೆಯೂ ತಳವೂ ಸೇರಿದ ವಿಸ್ತೀರ್ಣ. ಅದನ್ನು 28.3 ರಿಂದ ಗುಣಿಸಿ ತೊಟ್ಟಿಗೆ 2066 ಲೀಟರ್ ಹಿಡಿಯುತ್ತದೆ ಎಂದು ಲೆಕ್ಕ ಹಾಕಿದ ಮನೆಯವರೊಬ್ಬರು ಮಗುವಿನ 1848 ಎಂಬ ಸರಿಯುತ್ತರವನ್ನು ಹೊಡೆದುಹಾಕಿದ್ದರು. ಎರಡು ಸಂಖ್ಯೆಗಳು ಹತ್ತಿರ ಹತ್ತಿರವಿದ್ದ ಕಾರಣ ಅವರಿಗೆ ಅನುಮಾನ ಬರಲಿಲ್ಲ. ನಾನು ಮಗುವಿನ ಸಾಲುಗಳ ಪಕ್ಕದಲ್ಲಿ ಏಕಮಾನಗಳನ್ನು ಬರೆದು ಆ ಪುಟವನ್ನು ಅವರಿಗೆ ಮರಳಿ ಕಳುಹಿಸಿದೆ. 73 ರ ಪಕ್ಕದಲ್ಲಿ ‘ಚದರ ಅಡಿ’ ಎಂದು ಬರೆದ ಮೇಲೆ, ಅದನ್ನು ಲೀಟರಿಗೆ ತಿರುಗಿಸುವ ಸಾಲನ್ನು ಅವರೇ ಅಳಿಸಿದರು.